ರೊಕ್ಕ ಲೈಬ್ರರಿಗೋ, ಸಿನಿಮಾಕ್ಕೋ?

ಸೋಮವಾರದಿಂದ ಈ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಕೇಳಿದವರು ನಮ್ಮ ಕಾಕಾ. ಬೀಳಗಿ ಕಡೆಯ ಒಂದು ಪುನರ್ವಸತಿ ಊರಿನವರು, ಮಾತು ಸ್ವಲ್ಪ ಒರಟು. ಆದರೆ ಓದಿದ್ದನ್ನು ಅವರಷ್ಟು ಗಮನ ಇಟ್ಟು ಓದುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ.

ನಾನು ಕನ್ನಡ ಕಲಿಸಿದ ಹುಡುಗನೊಬ್ಬ ಕಿರುಚಿತ್ರ ಮಾಡುತ್ತಿದ್ದಾನೆ. ಅದೇ ಊರಿನ ಲೈಬ್ರರಿಯ ಕಥೆ. ಜನರಿಂದ ಹಣ ಕೂಡಿಸಲು ಒಂದು ಪುಟ ತೆರೆದು, ಅದರ ಮೊದಲ ಪ್ಯಾರಾ ಬರೆದು ನನಗೆ ಕಳಿಸಿದ್ದ. "ಅಕ್ಕೋರ, ಸ್ವಲ್ಪ ತಿದ್ದಿ ಕೊಡ್ರಿ" ಅಂದ. ಪ್ಯಾರಾ ಹೀಗಿತ್ತು: "ಪುಸ್ತಕಗಳು ಬದುಕನ್ನು ಬದಲಿಸುತ್ತವೆ. ಆದರೆ ಇಂದು ಹಳ್ಳಿಯ ಗ್ರಂಥಾಲಯಗಳು ಧೂಳು ತಿನ್ನುತ್ತಿವೆ. ಅಳಿವಿನ ಅಂಚಿನಲ್ಲಿರುವ ಇಂಥ ಒಂದು ಗ್ರಂಥಾಲಯವನ್ನು ಉಳಿಸಲು ಕೈಜೋಡಿಸಿ."

ನಾನು ಎರಡು ಕಾಗುಣಿತ ತಿದ್ದಿ, ಚೆನ್ನಾಗಿದೆ ಅಂದುಬಿಟ್ಟೆ. ಅದೇ ತಪ್ಪಾಯಿತು. ಕಾಕಾ ಫೋನಿನಲ್ಲಿ ಓದಿ ಕೇಳಿದರು: "ಇದು ರೊಕ್ಕ ಲೈಬ್ರರಿಗೋ, ಸಿನಿಮಾಕ್ಕೋ? ನಾ ಮನಿ ತೆರಿಗಿ ಜೋಡಿ ಗ್ರಂಥಾಲಯದ ಕರಾನೂ ಕಟ್ಟೀನಿ. ಮತ್ಯಾಕ ಕೊಡಬೇಕು?"

ಅವರು ಹೇಳಿದ್ದು ನಿಜ ಅಲ್ವಾ? ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರೇ ಇರುತ್ತದೆ. 2019ರಿಂದ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಿವೆ. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಬರೆದಿರುತ್ತದೆ. ಅಂಥ ಸರ್ಕಾರಿ ಜಾಗವನ್ನು "ಉಳಿಸಿ" ಎಂದು ಕೇಳಿದರೆ, ಕೊಟ್ಟವರು ಆರು ತಿಂಗಳಾದ ಮೇಲೆ ಹೊಸ ಕಪಾಟು ಎಲ್ಲಿ ಅಂತ ಕೇಳುತ್ತಾರೆ. ಹುಡುಗನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಆದರೆ ಆ ಪ್ಯಾರಾದಲ್ಲಿ 'ಸಿನಿಮಾ' ಎಂಬ ಪದವೇ ಇರಲಿಲ್ಲ! ಅದು ಎರಡನೇ ಪ್ಯಾರಾದಲ್ಲಿತ್ತು. ಫೋನಿನಲ್ಲಿ ಕಾಣುವುದು ಮೊದಲ ಕೆಲವು ಸಾಲು, ಉಳಿದದ್ದು 'ಇನ್ನಷ್ಟು ಓದಿ' ಹಿಂದೆ ಅಡಗಿರುತ್ತದೆ.

ಇನ್ನೊಂದು ಮಾತು ನನಗೆ ಹೆಚ್ಚು ಚುಚ್ಚಿತು. ಆ ಲೈಬ್ರರಿಯ ಮೇಲ್ವಿಚಾರಕಿ ಪ್ಯಾರಾ ಓದಿ, "ಧೂಳು ಎಲ್ಲೈತ್ರಿ? ದಿನಾ ನಾನ ಒರಸ್ತೀನಿ" ಅಂದರಂತೆ. ಹುಡುಗ ಇದನ್ನು ಹೇಳುವಾಗ ತಲೆ ತಗ್ಗಿಸಿದ್ದ. ದಿನಾ ಬಾಗಿಲು ತೆಗೆಯುವ ಹೆಣ್ಣುಮಗಳ ಮುಂದೆ 'ಅಳಿವಿನ ಅಂಚು' ಎಂದು ಬರೆದರೆ ನೋವಾಗದೇ ಇರುತ್ತದಾ? ಚಿತ್ರೀಕರಣಕ್ಕೆ ಪಿಡಿಓ ಅವರ ಒಪ್ಪಿಗೆ ಪತ್ರ ಬೇರೆ ಬೇಕು. ಅವರೂ ಇದೇ ಪುಟ ನೋಡುತ್ತಾರೆ.

ಮಂಗಳವಾರ ಸಂಜೆ ಇಬ್ಬರೂ ನಮ್ಮ ನವನಗರದ ಮನೆಯಲ್ಲಿ ಕೂತೆವು. "ನಿನ್ನ ಸಿನಿಮಾದಾಗ ಏನೈತಿ, ಅದನ್ನಷ್ಟ ಹೇಳು" ಅಂದೆ. ಅವನು ಹೇಳಿದ್ದು ಆ ಪ್ಯಾರಾಗಿಂತ ಎಷ್ಟೋ ಚೆನ್ನಾಗಿತ್ತು. ಹಳೆಯ ಊರು ಆಲಮಟ್ಟಿ ಹಿನ್ನೀರಿಗೆ ಹೋದಾಗ ಲೈಬ್ರರಿಯ ಸಾಮಾನು ಟ್ರ್ಯಾಕ್ಟರಿನಲ್ಲಿ ಬಂತು. ಅದರಲ್ಲಿ ಓದುಗರು ಸಹಿ ಮಾಡುವ ರಿಜಿಸ್ಟರ್ ಒಂದಿತ್ತು. ಈಗ ಇಲ್ಲದ ಓಣಿಗಳ ಜನ, ಈಗ ಇಲ್ಲದ ಅಜ್ಜಂದಿರು ಅದರಲ್ಲಿದ್ದಾರೆ. ಒಬ್ಬ ಹುಡುಗಿ ಅದರಲ್ಲಿ ತನ್ನ ಅಜ್ಜನ ಸಹಿ ಹುಡುಕುತ್ತಾಳೆ. ಇಷ್ಟೇ ಕಥೆ. ಇದನ್ನು ಬಿಟ್ಟು 'ಪುಸ್ತಕಗಳು ಬದುಕನ್ನು ಬದಲಿಸುತ್ತವೆ' ಅಂತ ಯಾಕೆ ಬರೆದನೋ!

ಆಮೇಲೆ ಲೆಕ್ಕ. 1,60,000 ಎಂದು ಬರೆದಿದ್ದ. ಕ್ಯಾಮೆರಾ, ಲೈಟು ಬಾಡಿಗೆ, ಧ್ವನಿ ದಾಖಲಿಸುವವರು, ಊಟ, ಓಡಾಟ, ಎಡಿಟಿಂಗ್ ಎಲ್ಲ ಇತ್ತು. ಹಣ ಕೂಡಿಸಿ ಕೊಡುವ ಕಂಪನಿ ಹಿಡಿದುಕೊಳ್ಳುವ ಪಾಲು ಇರಲಿಲ್ಲ. ಮಳೆ ಬಂದು ಒಂದು ದಿನ ಕೆಟ್ಟರೆ ಅಂತಲೂ ಇರಲಿಲ್ಲ. ಇವಕ್ಕೆ 20,000 ಸೇರಿಸಿದೆವು. ಕೊನೆಗೆ ಪ್ಯಾರಾ ಹೀಗಾಯಿತು:

"ನಮ್ಮ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಆ ಊರಿನ ಲೈಬ್ರರಿಯ ಸಹಿ ರಿಜಿಸ್ಟರ್ ಉಳಿದಿದೆ. ಅದರಲ್ಲಿ ತನ್ನ ಅಜ್ಜನ ಸಹಿ ಹುಡುಕುವ ಹುಡುಗಿಯ ಬಗ್ಗೆ 15 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇನೆ. ಇದು ನನ್ನ ಮೊದಲ ಚಿತ್ರ. 4 ದಿನದ ಚಿತ್ರೀಕರಣ ಮತ್ತು ಎಡಿಟಿಂಗಿಗೆ 1,80,000 ರೂಪಾಯಿ ಬೇಕು. ಈ ಹಣ ಚಿತ್ರಕ್ಕೆ ಮಾತ್ರ, ಗ್ರಂಥಾಲಯಕ್ಕಲ್ಲ. ಅರ್ಧವೇ ಬಂದರೆ 2 ದಿನದಲ್ಲಿ, ಚಿಕ್ಕ ತಂಡದೊಂದಿಗೆ ಮುಗಿಸುತ್ತೇನೆ."

'ಗ್ರಂಥಾಲಯಕ್ಕಲ್ಲ' ಎಂದು ಬರೆಯಲು ಅವನಿಗೆ ತುಂಬ ಅಂಜಿಕೆ. "ಹಂಗ ಬರದ್ರ ಯಾರ ಕೊಡ್ತಾರ್ರಿ?" ಅಂದ. ಕೆಲವರು ಕೊಡಲಿಕ್ಕಿಲ್ಲ. ಆದರೆ ಲೈಬ್ರರಿಗೆ ಅಂತ ತಿಳಿದು ಕೊಡುವ ಒಂದು ರೂಪಾಯಿಯೂ ಅವನಿಗೆ ಬೇಡ, ಅದರಲ್ಲಿ ನಾನು ಹಟ ಹಿಡಿದೆ. ಆ ಸಾಲು ಉಳಿಯಿತು.

ಬುಧವಾರ ಮೇಲ್ವಿಚಾರಕಿಗೆ ಫೋನ್ ಮಾಡಿ ಓದಿ ತೋರಿಸಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ರಿಜಿಸ್ಟರ್ ನೀ ಮುಟ್ಟಬ್ಯಾಡಪಾ. ಹಾಳಿ ಮುರೀತಾವ. ನಾ ಬಂದು ತಿರುವಿ ಕೊಡ್ತೀನಿ."