ಸೋರುವ ತಾರಸಿಯ ಭಾಷಣ: ಸಮಸ್ಯೆ–ಪರಿಹಾರವೋ, ಆಯ್ಕೆಗಳ ಹೋಲಿಕೆಯೋ? (ಪ್ರಗತಿ ಟಿಪ್ಪಣಿ)

ಕೆಲಸ ಇಷ್ಟು: ನಾಲ್ಕು ಮಹಡಿಯ ವಸತಿ ಕಟ್ಟಡದ ತಾರಸಿ ಸೋರುತ್ತಿದೆ. ನಿವಾಸಿಗಳ ಸಭೆಯಲ್ಲಿ 8 ನಿಮಿಷ ಮಾತಾಡಿ, ಹಳೆಯ ಪದರ ಕಿತ್ತು, ಇಳಿಜಾರು ಸರಿಪಡಿಸಿ, ಮೇಲೆ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸುವುದಕ್ಕೆ ಒಪ್ಪಿಸಬೇಕು. ಹೇಳಬೇಕಾದ ಸಂಗತಿಗಳೆಲ್ಲ ಕೈಯಲ್ಲಿವೆ. ಅವನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದೊಂದೇ ಬಾಕಿ.

ಮೊದಲ ಕರಡು: ಸಮಸ್ಯೆ–ಪರಿಹಾರ

ಹಾನಿಗೆ 3 ನಿಮಿಷ, ಕಾರಣಕ್ಕೆ ಒಂದೂವರೆ, ಪರಿಹಾರಕ್ಕೆ ಎರಡೂವರೆ, ಕೊನೆಯ ಕೋರಿಕೆಗೆ 1. ಕಾಗದದ ಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಕೇಳುವವರ ಜಾಗದಲ್ಲಿ ಕೂತು ಓದಿದಾಗ ಮೊದಲ ಮೂರು ನಿಮಿಷ ಪೂರ್ತಿ ವ್ಯರ್ಥ ಅನಿಸುತ್ತದೆ. ಬಕೆಟ್ ಇಟ್ಟು ಮಲಗುವವರಿಗೆ ಸೋರಿಕೆಯ ವರ್ಣನೆ ಯಾಕೆ? ಅವರ ತಲೆಯಲ್ಲಿ ಆಗಲೇ ಓಡುತ್ತಿರುವ ಪ್ರಶ್ನೆ ಬೇರೆ: "ಒಂದು ಕೋಟಿಂಗ್ ಹೊಡೆಸಿದರೆ ಸಾಲದೇ?" ಈ ಕರಡಿನಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಸಮಸ್ಯೆ ಇದೆ ಎಂದು ತೋರಿಸಿದರೆ ಸಾಕು, ಪರಿಹಾರ ತಾನಾಗಿ ಒಪ್ಪಿಗೆಯಾಗುತ್ತದೆ ಎಂದು ಈ ಜೋಡಣೆ ಒಳಗೊಳಗೇ ನಂಬಿಕೊಂಡಿರುತ್ತದೆ. ಹಾಗಾಗಿ ಕೋಟಿಂಗ್‌ನ ಮಾತು ಪ್ರಶ್ನೋತ್ತರದ ಹೊತ್ತಿಗೆ ಎದ್ದು ಬರುತ್ತದೆ. ಆಗ ಕೊಡುವ ಉತ್ತರ ಎಷ್ಟೇ ಸರಿಯಿದ್ದರೂ ಸಮರ್ಥನೆಯಂತೆ ಕೇಳಿಸುತ್ತದೆ.

ಸಮಸ್ಯೆ–ಪರಿಹಾರ ಕೆಟ್ಟ ಜೋಡಣೆ ಎಂದಲ್ಲ. 1930ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ ರೂಪಿಸಿದ ಐದು ಹಂತಗಳ ಪ್ರಸಿದ್ಧ ಕ್ರಮವೂ ಇದೇ ಜಾತಿಯದು: ಗಮನ ಸೆಳೆ, ಅಗತ್ಯ ತೋರಿಸು, ಪರಿಹಾರ ಕೊಡು, ಅದರ ಫಲವನ್ನು ಕಣ್ಣಿಗೆ ಕಟ್ಟಿಸು, ಕ್ರಿಯೆಗೆ ಕರೆ. ಅಗತ್ಯವೇ ಇನ್ನೂ ಮನಸ್ಸಿಗೆ ತಟ್ಟದವರ ಮುಂದೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಹೆಚ್ಚಿನವರಿಗೆ ಅದು ತಟ್ಟಿ ಆಗಿದೆ.

ಜೋಡಣೆ ತೀರ್ಮಾನಿಸುವ ಪ್ರಶ್ನೆ

ಕೇಳುಗರ ಭಿನ್ನಾಭಿಪ್ರಾಯ ಎಲ್ಲಿದೆ ಎಂದು ಊಹಿಸುತ್ತ ಕೂರುವ ಬದಲು ಕೇಳಿಬಿಡುವುದು ಸುಲಭ. ಸಭೆಗೆ ಮುಂಚೆ ಬೇರೆ ಬೇರೆ ಮಹಡಿಯ ಆರೇಳು ಜನರಿಗೆ ಒಂದೇ ಪ್ರಶ್ನೆ: "ತಾರಸಿ ವಿಷಯದಲ್ಲಿ ಈಗ ಏನು ಮಾಡಬೇಕು ಅನ್ನಿಸುತ್ತೆ?" "ರಿಪೇರಿ ಆಗಬೇಕು ಅಲ್ವಾ?" ಎಂದು ಕೇಳಬಾರದು. ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ, ಏನೂ ತಿಳಿಯುವುದಿಲ್ಲ.

ಉತ್ತರಗಳನ್ನು ಎರಡು ಗುಂಪು ಮಾಡಬೇಕು. "ಅಷ್ಟೇನೂ ಆಗಿಲ್ಲ", "ನಮ್ಮ ಮನೆಗೆ ಸೋರಲ್ಲ" ಎಂಬಂಥವು ಒಂದು ಕಡೆ. "ಬಿರುಕು ಮುಚ್ಚಿಸೋಣ", "ಕಿತ್ತು ಹಾಕಿಸೋದು ಯಾಕೆ, ಕೋಟಿಂಗ್ ಸಾಕು" ಎಂದು ಯಾವುದಾದರೂ ಕೆಲಸದ ಹೆಸರು ಹೇಳುವಂಥವು ಇನ್ನೊಂದು ಕಡೆ. ಮೊದಲ ಗುಂಪು ದೊಡ್ಡದಾದರೆ ಸಮಸ್ಯೆ–ಪರಿಹಾರ, ಎರಡನೆಯದು ದೊಡ್ಡದಾದರೆ ಹೋಲಿಕೆ. ಇಲ್ಲಿ ಎರಡನೆಯದೇ ದೊಡ್ಡದು. ಆದರೆ ಕೆಳಮಹಡಿಯವರು ಬಹುತೇಕ ಮೊದಲ ಗುಂಪಿನಲ್ಲಿದ್ದಾರೆ, ಮತ ಅವರಿಗೂ ಇದೆ.

ಎರಡನೇ ಕರಡು: ಹೋಲಿಕೆ

ಮೂರು ಆಯ್ಕೆ: ಬಿರುಕುಗಳನ್ನಷ್ಟೇ ಮುಚ್ಚುವುದು, ಇರುವ ಮೇಲ್ಮೈಗೆ ಕೋಟಿಂಗ್, ಪೂರ್ತಿ ಕಿತ್ತು ಇಳಿಜಾರು ಕೊಟ್ಟು ಹೊಸ ಪದರ. ಒಂದೊಂದನ್ನೇ ತೆಗೆದುಕೊಂಡು ಒಳಿತು ಕೆಡುಕು ಹೇಳುತ್ತ ಹೋದರೆ ಏನಾಗುತ್ತದೆ? ಮೂರನೆಯದು ಬರುವ ಹೊತ್ತಿಗೆ ಮೊದಲನೆಯದರ ಬಗ್ಗೆ ಹೇಳಿದ್ದು ಮರೆತುಹೋಗಿರುತ್ತದೆ. ಓದುವವರು ಕಣ್ಣು ಹಿಂದಕ್ಕೆ ಹಾಯಿಸಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಭಾಷಣದಲ್ಲಿ ಹೋಲಿಕೆ ಮಾನದಂಡದ ಪ್ರಕಾರ ಸಾಗಬೇಕು. ಒಂದು ಮಾನದಂಡ ಹಿಡಿದು, ಎಲ್ಲ ಆಯ್ಕೆಗಳನ್ನೂ ಅದರ ಮುಂದೆ ನಿಲ್ಲಿಸಿ, ನಂತರ ಮುಂದಿನದಕ್ಕೆ ಹೋಗಬೇಕು.

ಆದರೆ ಮಾನದಂಡಗಳು ಎಲ್ಲಿಂದ ಬಂದವು? ಈ ಕರಡಿನ ದೊಡ್ಡ ತೊಡಕು ಇದೇ. "ಬಾಳಿಕೆ, ತೊಂದರೆ, ಖರ್ಚು" ಎಂದು ಸುಮ್ಮನೆ ಪಟ್ಟಿ ಓದಿದರೆ, ನಮಗೆ ಬೇಕಾದ ಆಯ್ಕೆ ಗೆಲ್ಲುವಂತೆ ಆರಿಸಿಕೊಂಡಿದ್ದಾರೆ ಎಂಬ ಗುಮಾನಿ ಹುಟ್ಟುತ್ತದೆ. ಮಾನದಂಡ ಕಾರಣದಿಂದ ಹುಟ್ಟಬೇಕು. ಈ ತಾರಸಿಯಲ್ಲಿ ನೀರು ಹೊರಹೋಗುವ ಪೈಪಿನ ಬಾಯಿ ಸುತ್ತಲಿನ ನೆಲಕ್ಕಿಂತ ತುಸು ಎತ್ತರದಲ್ಲಿದೆ. ಮಳೆ ನಿಂತ ಮರುದಿನವೂ ಮೂಲೆಯಲ್ಲಿ ನೀರು ನಿಂತೇ ಇರುತ್ತದೆ. ಇಷ್ಟು ಹೇಳಿ ಒಂದು ಫೋಟೋ ತೋರಿಸಿದರೆ ಮೊದಲ ಮಾನದಂಡವನ್ನು ಕೇಳುಗರೇ ಹೇಳುತ್ತಾರೆ: ನೀರು ನಿಲ್ಲುವುದು ತಪ್ಪುತ್ತದೆಯೇ? ಬಿರುಕು ಮುಚ್ಚುವ ಆಯ್ಕೆ ಅಲ್ಲೇ ಬಿದ್ದುಹೋಗುತ್ತದೆ. "ಮುಂದಿನ ವರ್ಷ ನೋಡೋಣ" ಎಂಬುದನ್ನೂ ಇದೇ ಮಾನದಂಡದ ಮುಂದೆ ಹೆಸರು ಹಿಡಿದು ನಿಲ್ಲಿಸಬೇಕು. ಪಟ್ಟಿಯಲ್ಲಿ ಸೇರಿಸದೆ ಬಿಟ್ಟರೆ ಸದ್ದಿಲ್ಲದೆ ಗೆಲ್ಲುವುದು ಅದೇ.

ಅಲ್ಲಿಂದ ಮುಂದೆ ಉಳಿಯುವುದು ಎರಡೇ ಆಯ್ಕೆ, ಕಿವಿಗೆ ಹೊರೆಯಿಲ್ಲ.

ಈಗಿನ ರೂಪ

ಮೊದಲ ಎರಡು ನಿಮಿಷ ಸಮಸ್ಯೆಗೆ. ಅದರಲ್ಲಿ ಸೋರಿಕೆಯ ವರ್ಣನೆ ಇಲ್ಲ, ಕಾರಣ ಇದೆ, ಕೆಳಮಹಡಿಯವರಿಗಾಗಿ ಒಂದು ಮಾತಿದೆ: "ಮೇಲಿನ ಮನೆಯ ಒದ್ದೆ ಗೋಡೆ ಕಾಣುತ್ತದೆ. ಚಪ್ಪಡಿಯೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಕಾಣುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಆ ಚಪ್ಪಡಿ ಮೇಲಿನ ಮನೆಯವರದ್ದಲ್ಲ, ಕಟ್ಟಡದ್ದು." ಇದಕ್ಕಿಂತ ಉದ್ದವಾದರೆ ಮೇಲಿನವರು ಗಡಿಯಾರ ನೋಡುತ್ತಾರೆ.

ನಂತರ ಐದು ನಿಮಿಷ ಹೋಲಿಕೆ, ಮೂರು ಮಾನದಂಡಗಳಲ್ಲಿ: ನೀರು ನಿಲ್ಲುವುದು, ಬಾಳಿಕೆ, ಕೆಲಸದ ದಿನಗಳ ತೊಂದರೆ. ಮೊದಲೆರಡರಲ್ಲಿ ಕೋಟಿಂಗ್ ಸೋಲುತ್ತದೆ. ಅಕ್ರಿಲಿಕ್ ಕೋಟಿಂಗ್ ನಿಂತ ನೀರಿನಡಿ ಮೆತ್ತಗಾಗಿ ಎದ್ದು ಬರುವುದು ಸಾಮಾನ್ಯ, ಒದ್ದೆ ಮೇಲ್ಮೈಗೆ ಅದು ಸರಿಯಾಗಿ ಹಿಡಿಯುವುದೂ ಇಲ್ಲ. ಮೂರನೆಯದರಲ್ಲಿ ಕೋಟಿಂಗ್ ಸ್ಪಷ್ಟವಾಗಿ ಗೆಲ್ಲುತ್ತದೆ. ಕಿತ್ತು ಹಾಕುವಾಗ ಸದ್ದು, ಧೂಳು, ತಾರಸಿ ಬಳಕೆಗೆ ಸಿಗದಿರುವುದು ಎಲ್ಲವೂ ನಿಜ. ಈ ಸೋಲನ್ನು ಹಾಗೇ ಒಪ್ಪಿಕೊಳ್ಳುವುದು ಲೇಸು. ಎಲ್ಲ ಮಾನದಂಡದಲ್ಲೂ ಒಂದೇ ಆಯ್ಕೆ ಗೆದ್ದರೆ ಆಟ ಮೊದಲೇ ಬರೆದಿಟ್ಟಂತೆ ಕಾಣುತ್ತದೆ.

ಆದರೆ ಒಪ್ಪಿಕೊಂಡು ಸುಮ್ಮನಾಗಬಾರದು. ಮನವೊಲಿಕೆಯ ಬಗ್ಗೆ ಸಂಶೋಧನೆ ಮಾಡುವ ಡೇನಿಯಲ್ ಓ'ಕೀಫ್ 1999ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಎದುರು ವಾದವನ್ನು ಎತ್ತಿ ಅದಕ್ಕೆ ಉತ್ತರವನ್ನೂ ಕೊಡುವ ಸಂದೇಶ ಏಕಪಕ್ಷೀಯ ಸಂದೇಶಕ್ಕಿಂತ ಹೆಚ್ಚು ಮನವೊಲಿಸುತ್ತದೆ ಎಂದೂ, ಎತ್ತಿ ಉತ್ತರಿಸದೆ ಬಿಟ್ಟದ್ದು ಏಕಪಕ್ಷೀಯಕ್ಕಿಂತಲೂ ಹಿಂದೆ ಬೀಳುತ್ತದೆ ಎಂದೂ ಕಂಡುಬಂತು. ಹಾಗಾಗಿ ಆ ಜಾಗದಲ್ಲಿ ಒಂದು ವಾಕ್ಯ ಸೇರಿದೆ: ಕೀಳುವ ಕೆಲಸ ಹಗಲಲ್ಲಿ ಮಾತ್ರ, ತಾರಸಿಯನ್ನು ಎರಡು ಭಾಗ ಮಾಡಿ, ಒಂದಾದ ಮೇಲೆ ಒಂದು.

ಕೊನೆಯ ಒಂದು ನಿಮಿಷದಲ್ಲಿ ಹೋಲಿಕೆಯ ಭಾಷಣಗಳು ಜಾರುವ ಜಾಗವೊಂದಿದೆ. "ಎಲ್ಲ ನಿಮ್ಮ ಮುಂದಿಟ್ಟಿದ್ದೇವೆ, ನೀವೇ ತೀರ್ಮಾನಿಸಿ" ಎಂದು ಮುಗಿಸಿದರೆ ಅದು ಮಾಹಿತಿ ಭಾಷಣ, ಮನವೊಲಿಕೆಯಲ್ಲ. ಇಲ್ಲಿ ಗೊತ್ತುವಳಿ ಸ್ಪಷ್ಟವಾಗಿರಬೇಕು: ಹೊಸ ಪದರದ ಕೆಲಸಕ್ಕೆ ಇಬ್ಬರು ಗುತ್ತಿಗೆದಾರರಿಂದ, ಇಳಿಜಾರಿನ ಮಟ್ಟಗಳನ್ನು ಗುರುತಿಸಿದ ಲಿಖಿತ ಅಂದಾಜು ತರಿಸುವುದು, ಕೆಲಸ ಮುಗಿದ ಮೇಲೆ ತಾರಸಿಯಲ್ಲಿ 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿ, ಸೋರದಿದ್ದರೆ ಮಾತ್ರ ಕೊನೆಯ ಕಂತು ಕೊಡುವುದು.

ಬಾಕಿ

ಪೈಪಿನ ಬಾಯಿಯ ಫೋಟೋಗೆ ಒಂದು ಅಳತೆಪಟ್ಟಿ ಇಟ್ಟು ಮತ್ತೆ ತೆಗೆಯಬೇಕು, ಈಗಿನದರಲ್ಲಿ ಎತ್ತರದ ವ್ಯತ್ಯಾಸ ತಿಳಿಯುವುದಿಲ್ಲ. ಬಾಳಿಕೆಯ ಭಾಗ ಗಟ್ಟಿಯಾಗಿ ಓದಿದರೆ ಎರಡು ನಿಮಿಷ ಮೀರುತ್ತಿದೆ, ರಾಸಾಯನಿಕಗಳ ಹೆಸರುಗಳನ್ನು ತೆಗೆದರೆ ಸಾಕಾಗಬಹುದು. ಸಭೆಯ ಹಿಂದಿನ ದಿನ ಕೆಳಮಹಡಿಯ ಇಬ್ಬರಿಗೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವುದಿದೆ. "ನಮಗೇನು" ಎಂಬ ಉತ್ತರವೇ ಬಂದರೆ ಸಮಸ್ಯೆಯ ಭಾಗಕ್ಕೆ ಇನ್ನೊಂದು ನಿಮಿಷ ಬೇಕು, ಅದನ್ನು ಬಾಳಿಕೆಯಿಂದಲೇ ಕಡಿಯಬೇಕಾಗುತ್ತದೆ.