ಪೆರ್ಲದ ಬಿರಿಯಾನಿಗೆ ಐದು ಹ್ಯಾಶ್‌ಟ್ಯಾಗ್: ಸತಾಯಿಸಿದ್ದು ಊರಿನ ಹೆಸರು

ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದ ಹೋಟೆಲೊಂದಕ್ಕೆ ನಾನು ಮಾಡಿಕೊಡುತ್ತಿದ್ದ ಹ್ಯಾಶ್‌ಟ್ಯಾಗ್ ಸೆಟ್ ಕೊನೆಗೂ ಒಂದು ಹದಕ್ಕೆ ಬಂತು. ಚೆರ್ಕಳ–ಕಲ್ಲಡ್ಕ ರಸ್ತೆ ಬದಿಯ, ನಾಲ್ಕಾರು ಮೇಜಿನ ಆ ಹೋಟೆಲಿನವರು ಭಾನುವಾರ ಮಧ್ಯಾಹ್ನ ಮಾತ್ರ ದಂ ಬಿರಿಯಾನಿ ಮಾಡುತ್ತಾರೆ. ಶನಿವಾರ ಬೆಳಿಗ್ಗೆ ಇನ್‌ಸ್ಟಾಗ್ರಾಂ ಪೋಸ್ಟ್, ಸಂಜೆಯವರೆಗೆ ವಾಟ್ಸಾಪ್‌ನಲ್ಲಿ ಬುಕಿಂಗ್, ಅಷ್ಟಕ್ಕೇ ಅಕ್ಕಿ ನೆನೆಸುವುದು. ಅಕೌಂಟನ್ನು ಬಿಸಿನೆಸ್‌ಗೆ ಬದಲಿಸಿದ್ದು, ಫೋಟೋ, ಬೆಳಕು ಎಲ್ಲ ನಿಮಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಬಿಡುತ್ತೇನೆ. ಇಲ್ಲಿ ಹೇಳಬೇಕಾದದ್ದು ಊರಿನ ಟ್ಯಾಗಿನ ಕಥೆ.

ಮೊದಲು ಐದೇ ಏಕೆ ಎಂಬುದು. ಹಿಂದೆ ಒಂದು ಪೋಸ್ಟಿಗೆ 30 ಟ್ಯಾಗ್ ಹಾಕಬಹುದಿತ್ತು. ಆಗ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ, ಸಿಕ್ಕಿದ್ದೆಲ್ಲ ತುಂಬಿಸುತ್ತಿದ್ದೆವು. 3ರಿಂದ 5 ಸಾಕು ಎಂದು ಇನ್‌ಸ್ಟಾಗ್ರಾಂನವರೇ 2021ರಲ್ಲಿ ಹೇಳಿದರು. 2024ರ ಕೊನೆಗೆ ಹ್ಯಾಶ್‌ಟ್ಯಾಗನ್ನು ಫಾಲೋ ಮಾಡುವ ಸೌಲಭ್ಯವನ್ನೂ ತೆಗೆದರು. ಈಗ ಮಿತಿಯೇ ಐದಕ್ಕೆ ಇಳಿದಿದೆ. ಹಾಗಾಗಿ ಟ್ಯಾಗಿನ ಕೆಲಸ ಈಗ ಎರಡೇ: ಇದು ಯಾವ ಬಗೆಯ ಪೋಸ್ಟ್ ಎಂದು ಆ್ಯಪ್‌ಗೆ ತಿಳಿಸುವುದು, ಹುಡುಕುವವರ ಕಣ್ಣಿಗೆ ಬೀಳುವುದು. ಐದರಲ್ಲಿ ಒಂದು ಜಾಗ ವ್ಯರ್ಥವಾದರೂ ಐದನೇ ಒಂದು ಪಾಲು ಹೋಯಿತು.

ವಿಶಾಲವಾದ ಟ್ಯಾಗಿಗೆ ಒಂದೇ ಜಾಗ ಕೊಟ್ಟೆ, `#biriyani`. ಪ್ರಪಂಚವೆಲ್ಲ `#biryani` ಎಂದು ಬರೆಯುತ್ತದೆ ನಿಜ, ಆದರೆ ಕೇರಳದಲ್ಲಿ ಹೋಟೆಲ್ ಬೋರ್ಡಿನಿಂದ ಹಿಡಿದು ಮದುವೆ ಮೆನುವಿನವರೆಗೆ ನಡುವೆ ಒಂದು ಐ ಇರುವ ಬರಹವೇ ರೂಢಿ. ಎರಡೂ ದೊಡ್ಡ ಸಮುದ್ರಗಳೇ, ನಮ್ಮ ಪೋಸ್ಟ್ ಎರಡರಲ್ಲೂ ಮುಳುಗುತ್ತದೆ. ಮುಳುಗುವುದೇ ಆದರೆ ನಮ್ಮ ಕಡೆಯವರು ಈಜುವ ನೀರಿನಲ್ಲಿ ಮುಳುಗಲಿ.

ಬಿರಿಯಾನಿಯ ಬಗೆ ಹೇಳುವ ಟ್ಯಾಗಿನ ಹೊತ್ತಿಗೆ ಹೋಟೆಲಿನಲ್ಲಿ ಬಿರಿಯಾನಿ ಮಾಡುವ ಇಚ್ಚನ ಜೊತೆ ಸಣ್ಣ ಚರ್ಚೆ ಆಯಿತು. "ಮಾಷ್ಟ್ರೇ, ಹೈದರಾಬಾದ್ ಅಂತ ಹಾಕಿದ್ರೆ ಜನ ಜಾಸ್ತಿ ನೋಡ್ಲಿಕ್ಕಿಲ್ವ?" ಎಂದು ಕೇಳಿದರು. ನೋಡುತ್ತಾರೆ, ಆದರೆ ಅವರು ಕಾಯುವುದು ಉದ್ದದ ಬಾಸ್ಮತಿಗೆ. ಇಚ್ಚ ಮಾಡುವುದು ಜೀರಕಶಾಲ ಅಕ್ಕಿಯದ್ದು. ಸಣ್ಣ ಕಾಳು, ಅಕ್ಕಿ ಬೇರೆ, ಕೋಳಿ ಮಸಾಲೆ ಬೇರೆ ಬೇಯಿಸಿ ಪದರ ಪದರವಾಗಿ ಹಾಕಿ, ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ, ಮೇಲೆ ಕೆಂಡ ಇಟ್ಟು ದಂ ಕೊಡುತ್ತಾರೆ. ಫೋಟೋದಲ್ಲಿ ಕಾಣುವುದೂ ಅದೇ: ಒಣಗಿ ಬಿರುಕುಬಿಟ್ಟ ಹಿಟ್ಟಿನ ಅಂಚು, ಅದರ ಕೆಳಗೆ ತುಪ್ಪದಲ್ಲಿ ಹುರಿದ ಈರುಳ್ಳಿ ಹರಡಿದ ಗಿಡ್ಡ ಅಕ್ಕಿ. ಟ್ಯಾಗ್ ಒಂದು ಹೇಳಿ ಚಿತ್ರ ಇನ್ನೊಂದು ತೋರಿಸಿದರೆ ನೋಡಿದವರು ನಿಲ್ಲದೆ ಮುಂದೆ ಹೋಗುತ್ತಾರೆ, ಆ ಪೋಸ್ಟನ್ನು ಮತ್ತೆ ಯಾರಿಗೂ ತೋರಿಸಲು ಆ್ಯಪ್‌ಗೆ ಕಾರಣ ಉಳಿಯುವುದಿಲ್ಲ. `#jeerakasala` ತೆರೆದು ನೋಡಿದರೆ ಅಕ್ಕಿ ಮೂಟೆ ಮಾರುವವರೇ ತುಂಬಿದ್ದರು. ಅವರೊಂದಿಗೆ ನಮಗೇನು ಕೆಲಸ? `#dumbiriyani` ತೆರೆದರೆ ಮುಚ್ಚಳ ಬಿಚ್ಚುವ ಪಾತ್ರೆಗಳು, ನಮ್ಮದೇ ಕುಲ. ಅದು ಎರಡನೇ ಜಾಗಕ್ಕೆ ಬಂತು. ಮೂರನೆಯದು `#kasaragodfood`, ಜಿಲ್ಲೆಯ ಮಟ್ಟದ್ದು, ಅದರಲ್ಲಿ ಗೊಂದಲವೇನಿಲ್ಲ.

ಇನ್ನು ಊರು. `#perla` ಎಂದು ತೆರೆದೆ. ಮುತ್ತಿನ ಓಲೆ, ಮುತ್ತಿನ ಸರ, ಮದುವಣಗಿತ್ತಿಯ ಕಿರೀಟ, ಪೆರ್ಲಾ ಎಂಬ ಹೆಸರಿನ ಹೆಂಗಸರು, ಅದೇ ಹೆಸರಿನ ಬಿಳಿ ಬೆಕ್ಕುಗಳು. ಪೆರ್ಲ ಎಂದರೆ ಮುತ್ತು ಎನ್ನುವ ಸ್ಪ್ಯಾನಿಷ್, ಇಟಾಲಿಯನ್ ಮಾತಾಡುವವರೆಲ್ಲ ತಮ್ಮ ಮುತ್ತುಗಳನ್ನು ಅಲ್ಲಿ ಸುರಿದಿದ್ದಾರೆ. ಎಷ್ಟು ಕೆಳಗೆ ಎಳೆದರೂ ನಮ್ಮ ಎಣ್ಮಕಜೆ ಪಂಚಾಯತಿನ ಸುಳಿವಿಲ್ಲ. ಒಂದು ಟ್ಯಾಗ್ ನಮಗೆ ಆಗುತ್ತದೋ ಇಲ್ಲವೋ ಎಂದು ತಿಳಿಯಲು ನಾನು ಪೋಸ್ಟುಗಳ ಸಂಖ್ಯೆ ನೋಡುವುದಿಲ್ಲ. ಮೊದಲ ಮೂರು ಸಾಲು ಪೋಸ್ಟುಗಳನ್ನು ಒಂದೊಂದಾಗಿ ತೆರೆದು, ಹಾಕಿದವರು ನಮ್ಮ ಬಸ್ಸಿನ ದಾರಿಯಲ್ಲಿ ಇರುವವರೇ, ಹಾಕಿದ ತಾರೀಕು ಇತ್ತೀಚಿನದೇ ಎಂದು ನೋಡುತ್ತೇನೆ. `#perla` ಈ ಎರಡು ಪರೀಕ್ಷೆಯಲ್ಲಿ ಮೊದಲನೆಯದಕ್ಕೇ ಬಿತ್ತು.

ಇಷ್ಟಕ್ಕೆ ಮುಗಿಯುತ್ತಿತ್ತು, ಆದರೆ ಸ್ಟಿಕ್ಕರ್ ಮುದ್ರಿಸಿದವರು ಬಿಡಲಿಲ್ಲ. ಪಾರ್ಸೆಲ್ ಡಬ್ಬಿಗೆ ಅಂಟಿಸಲು `#perlabiriyani` ಎಂದು ಬರೆದುಕೊಟ್ಟಿದ್ದೆವು. ಪ್ರಿಂಟಿಂಗ್ ಅಂಗಡಿಯವರು ಓದಲು ಚಂದ ಕಾಣಲಿ ಎಂದು ತಾವೇ ನಡುವೆ ಅಡ್ಡಗೆರೆ ಹಾಕಿ `#Perla-Biriyani` ಮಾಡಿ ಕಟ್ಟುಗಟ್ಟಲೆ ಮುದ್ರಿಸಿ ಕಳುಹಿಸಿದರು. ದೊಡ್ಡಕ್ಷರ ಚಿಕ್ಕಕ್ಷರ ಹೇಗಿದ್ದರೂ ನಡೆಯುತ್ತದೆ, ಅಂಡರ್‌ಸ್ಕೋರ್ ಕೂಡ ನಡೆಯುತ್ತದೆ, ಆದರೆ ಅಡ್ಡಗೆರೆ ಬಂದಲ್ಲಿಗೆ ಟ್ಯಾಗ್ ಕತ್ತರಿಸಿಹೋಗುತ್ತದೆ. ಡಬ್ಬಿ ನೋಡಿ ಹಾಗೆಯೇ ಟೈಪ್ ಮಾಡಿದ ಗಿರಾಕಿಗಳ ಪೋಸ್ಟುಗಳೆಲ್ಲ ನೇರ `#perla`ಕ್ಕೆ ಹೋಗಿ ಮುತ್ತಿನ ಓಲೆಗಳ ನಡುವೆ ಬಿದ್ದವು. ಸರಿ ಮಾಡಿಕೊಡಿ ಎಂದರೆ ಹೊಸ ದರ ಹೇಳುತ್ತಾರೆ, ಪ್ರೂಫ್ ಕಳುಹಿಸಿ ಎಂದರೆ ಫೋನ್ ಎತ್ತುವುದಿಲ್ಲ. ನಿಮ್ಮಲ್ಲಿ ಯಾರಾದರೂ ಟ್ಯಾಗ್ ಮುದ್ರಿಸಲು ಕೊಡುವುದಾದರೆ ಅಕ್ಷರವನ್ನು ಬರೆದು ಕೊಡಬೇಡಿ, ಚಿತ್ರವಾಗಿಯೇ ಮಾಡಿ ಕೊಡಿ.

`#perlakasaragod` ಆಗಬಹುದಿತ್ತು. ಅದರಲ್ಲಿ ಬೇರೆಯವರ ಹಾವಳಿ ಇಲ್ಲ, ಆದರೆ ಅಷ್ಟುದ್ದ ಟೈಪ್ ಮಾಡಿ ಹುಡುಕುವವರೂ ಇಲ್ಲ. ತನ್ನ ಪೋಸ್ಟನ್ನು ತಾನೇ ಜೋಡಿಸಿಡಲು ಅದು ಸರಿ, ಹೊಸಬರನ್ನು ಕರೆತರಲು ಅಲ್ಲ.

ದಾರಿ ಸಿಕ್ಕಿದ್ದು ಲಿಪಿ ಬದಲಿಸಿದಾಗ. `#ಪೆರ್ಲ` ಎಂದು ಕನ್ನಡದಲ್ಲಿ ಹುಡುಕಿದರೆ ಯಕ್ಷಗಾನದ ಪೋಸ್ಟರ್, ಶಾಲಾ ವಾರ್ಷಿಕೋತ್ಸವ, ಅಡಿಕೆ ತೋಟ. ಪೋಸ್ಟುಗಳು ಕಡಿಮೆ, ಆದರೆ ಎಲ್ಲವೂ ನಮ್ಮೂರಿನವು. ಇಟಲಿಯ ಮುತ್ತಿನ ವ್ಯಾಪಾರಿ ಕನ್ನಡದಲ್ಲಿ ಟೈಪ್ ಮಾಡಲಾರ. ಊರಿನ ಹೆಸರು ಬೇರೆ ಭಾಷೆಯ ಪದಕ್ಕೆ ಡಿಕ್ಕಿ ಹೊಡೆಯುವ ಕಡೆಯೆಲ್ಲ ಲಿಪಿಯೇ ಜರಡಿ.

ಅಲ್ಲಿಯೂ ಒಂದು ಗಂಟಿತ್ತು. ಇಚ್ಚನ ಮಗಳು ತನ್ನ ಲ್ಯಾಪ್‌ಟಾಪಿನಿಂದ ಹಾಕಿದ ಟ್ಯಾಗನ್ನು ಒತ್ತಿದರೆ ಖಾಲಿ ಪುಟ, ನನ್ನ ಫೋನಿನಿಂದ ಹಾಕಿದ್ದನ್ನು ಒತ್ತಿದರೆ ಪೋಸ್ಟುಗಳಿರುವ ಪುಟ. ಓದಲು ಎರಡೂ ಪೆರ್ಲವೇ. ಹತ್ತಿರದಿಂದ ನೋಡಿದಾಗ ವ್ಯತ್ಯಾಸ ಕಂಡಿತು: ನನ್ನದರಲ್ಲಿ ರಕಾರ ಅರ್ಕಾವೊತ್ತಾಗಿ ಲಕಾರದ ಬಲಕ್ಕೆ ಕೂತಿದೆ, ಅವಳದ್ದರಲ್ಲಿ ರಕಾರ ಇಡಿಯಾಗಿ ನಿಂತು ಲಕಾರ ಅದರ ಕೆಳಗೆ ಒತ್ತಾಗಿದೆ. ಈ ಎರಡನೇ ರೂಪ ಬರಬೇಕಾದರೆ ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರಿಸುತ್ತದೆ. ನಮಗೆ ಅದು ಬರಹದ ಶೈಲಿ, ಕಂಪ್ಯೂಟರಿಗೆ ಅದು ಬೇರೆಯೇ ಅಕ್ಷರಸಾಲು, ಆದ್ದರಿಂದ ಬೇರೆಯೇ ಟ್ಯಾಗ್. ಅನುಮಾನವಿದ್ದರೆ ಪೈಥಾನ್‌ನಲ್ಲಿ ಒಂದು ಸಾಲು ಸಾಕು:

```
print([hex(ord(c)) for c in input()])
```

ಮುಂದಿನ `#` ಬಿಟ್ಟು ಟ್ಯಾಗನ್ನು ಪೇಸ್ಟ್ ಮಾಡಿ. `0x200d` ಕಂಡರೆ ಆ ಚಿಹ್ನೆ ಒಳಗಿದೆ ಎಂದರ್ಥ. ಪೆರ್ಲಕ್ಕೆ ಐದೇ ಬರಬೇಕು: `0xcaa`, `0xcc6`, `0xcb0`, `0xccd`, `0xcb2`. ಇದೇ ಕಾರಣಕ್ಕೆ ವೀಕೆಂಡ್ ಮತ್ತು ಬಿರಿಯಾನಿ ಸೇರಿಸಿದ ಕನ್ನಡ ಟ್ಯಾಗ್ ಬೇಡ ಎಂದೆ. ಡಕಾರದ ಕೆಳಗೆ ಬಕಾರ ಒತ್ತಾಗಿ ಬೀಳದಂತೆ ತಡೆಯಲು ಅಲ್ಲಿಯೂ ಅಂಥದೇ ಕಾಣದ ಚಿಹ್ನೆ ಬೇಕು (`0x200c`). ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ, ಟ್ಯಾಗ್ ಎರಡಾಗುತ್ತದೆ. ಕನ್ನಡದಲ್ಲಿ ಟ್ಯಾಗ್ ಮಾಡುವುದಾದರೆ ಸ್ವರದಲ್ಲಿ ಮುಗಿಯುವ ಒಂದೇ ಪದ ಆರಿಸಿಕೊಳ್ಳಿ.

ಕನ್ನಡ ಟ್ಯಾಗಿಗೆ ಒಂದು ಮಿತಿ ಇದೆ. ಇಲ್ಲಿ ಕನ್ನಡ ಮಾತಾಡುವವರಲ್ಲೂ ಎಷ್ಟೋ ಜನ ಫೋನಿನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತುತ್ತಾರೆ, ಮಲಯಾಳಂ ಓದಿದ ಹುಡುಗರಿಗೆ ನಮ್ಮ ಲಿಪಿ ಬಾರದು. ಅವರಿಗಾಗಿ ಐದನೆಯದು `#badiadka`. ಬಿರಿಯಾನಿಗೆ ಬೈಕ್ ಹತ್ತಿ ಬರುವವರು ಹೆಚ್ಚಾಗಿ ಆ ಕಡೆಯವರೇ. ಇದನ್ನು `#badiyadka`, `#badiyadukka` ಎಂದೂ ಬರೆಯುತ್ತಾರೆ. ಮೂರನ್ನೂ ತೆರೆದು, ಹೊಸ ಪೋಸ್ಟುಗಳು ಎಲ್ಲಿವೆಯೋ ಅದನ್ನು ಉಳಿಸಿಕೊಂಡೆ. ಪೆರ್ಲದ ಇಂಗ್ಲಿಷ್ ಹೆಸರನ್ನು ಬರಹದ ಮೊದಲ ಸಾಲಿನಲ್ಲೇ ಸೇರಿಸಿ, ಪೋಸ್ಟಿನ ಲೊಕೇಶನ್ನಿನಲ್ಲೂ ಇಟ್ಟೆ. ಅವೆರಡಕ್ಕೂ ಐದರ ಲೆಕ್ಕ ತಗಲುವುದಿಲ್ಲ.

ಇದೇ ಗುಂಗಿನಲ್ಲಿ ಕುಂಬಳೆಯ ಗೆಳೆಯನ ಕುಲುಕ್ಕಿ ಸರ್ಬತ್ ಅಂಗಡಿಯ ಕೆಲಸವನ್ನೂ ಒಪ್ಪಿಕೊಂಡಿದ್ದೇನೆ. ಅಲ್ಲಿ `#kumble` ಒತ್ತಿದರೆ ಬರುವುದೆಲ್ಲ ಕ್ರಿಕೆಟ್. ಅನಿಲ್ ಕುಂಬ್ಳೆ ಅವರ ಮನೆತನದ ಹೆಸರು ನಮ್ಮ ಕುಂಬಳೆಯಿಂದಲೇ ಹೋದದ್ದು, ಅದರ ಹೆಮ್ಮೆ ನನಗೂ ಇದೆ, ಆದರೆ ಹತ್ತು ವಿಕೆಟಿನ ವೀಡಿಯೊಗಳ ನಡುವೆ ಸರ್ಬತ್ ಲೋಟವನ್ನು ಯಾರು ನೋಡುತ್ತಾರೆ? ಅಲ್ಲಿ ಲಿಪಿಯ ಜರಡಿಯೂ ಪೂರ್ತಿ ಕೆಲಸ ಮಾಡದು, ಕನ್ನಡದಲ್ಲೂ ಅವರ ಅಭಿಮಾನಿಗಳು ತುಂಬಿದ್ದಾರೆ. ಮಲಯಾಳಂ ರೂಢಿಯ `#kumbla` ಒಂದೇ ಸದ್ಯದ ಆಸೆ.

ಪೆರ್ಲದ ಸೆಟ್ ಈಗ ಹೀಗಿದೆ:

```
#biriyani #dumbiriyani #kasaragodfood #badiadka #ಪೆರ್ಲ
```

ಫಲ ಅಳೆಯುವುದು ಸುಲಭವಲ್ಲ. ಇನ್‌ಸೈಟ್ಸ್‌ನಲ್ಲಿ ಫಾಲೋವರ್ ಅಲ್ಲದವರ ಪಾಲು ಕಾಣುತ್ತದೆ, ಒಂದೊಂದು ಟ್ಯಾಗಿನ ಲೆಕ್ಕ ಬೇರೆಬೇರೆಯಾಗಿ ಸಿಗುವುದಿಲ್ಲ. ಅದಕ್ಕೆ ವಾರಕ್ಕೆ ಒಂದೇ ಜಾಗ ಬದಲಿಸುತ್ತೇನೆ, ಉಳಿದ ನಾಲ್ಕನ್ನು ಮುಟ್ಟುವುದಿಲ್ಲ. ಬುಕಿಂಗ್ ಮೆಸೇಜಿಗೆ ಉತ್ತರಿಸುವಾಗ "ಯಾವ ಊರಿಂದ, ಎಲ್ಲಿ ನೋಡಿದ್ದು?" ಎಂದು ಇಚ್ಚ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಕನ್ನಡ ಟ್ಯಾಗ್ ಹಾಕಿದ ಮೇಲೆ ಅಡ್ಕಸ್ಥಳದಾಚೆಯಿಂದ, ವಿಟ್ಲದ ಕಡೆಯಿಂದ ಬುಕಿಂಗ್ ಬರಲು ಶುರುವಾಗಿದೆ. ಗಡಿಯ ಆಚೆ ಕರ್ನಾಟಕದಲ್ಲಿ ಕನ್ನಡ ಓದುವವರೇ ಹೆಚ್ಚು, ಅದು ನಾನು ಲೆಕ್ಕ ಹಾಕಿರದ ಲಾಭ.

ಬರುವ ಭಾನುವಾರ ಮಟನ್. ಎರಡನೇ ಜಾಗಕ್ಕೆ `#muttonbiriyani` ಹಾಕಿ ನೋಡಬೇಕು, ಸ್ಟಿಕ್ಕರಿನ ಅಡ್ಡಗೆರೆಗೆ ಅಲ್ಲಿಯವರೆಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಅಂಡರ್‌ಸ್ಕೋರ್ ಎಳೆಯುವುದೇ ಗತಿ.