ತಾರೀಖ ಐತಲ್ಲ!

ಮೂರು ದಿನದಿಂದ ಕಾಕಾನ ಒಂದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ: "ತಾರೀಖ ಐತಲ್ಲ ತಮ್ಮಾ!"

ವಿಜಯಪುರದ ಹತ್ತಿರ ನಮ್ಮ ಹೊಲದ ಬದು. ಬಾಜೂ ಹೊಲದವನು ಮಾರ್ಚ್‌ನಲ್ಲೇ ಅದನ್ನು ಒಡೆದಿದ್ದ ಅಂತ ಊರೆಲ್ಲ ಹೇಳುತ್ತೆ. ಮೇ 15ಕ್ಕೂ ಬದು ಗಟ್ಟಿಯಾಗೇ ಇತ್ತು, ಬಿತ್ತನೆ ಹೊತ್ತಿಗೆ ಒಡೆದ ಅಂತ ಕಾಕಾನ ವಾದ. ಸಾಕ್ಷಿಗೆ ಒಂದು ಫೋಟೋ, ಊಟಕ್ಕೆ ಹೋಗೋ ಮುಂಚೆ ಹನ್ನೆರಡೂವರೆಗೆ ತೆಗೆದದ್ದಂತೆ. ಕಾಕಾ ಹಟಮಾರಿ, ಆದರೆ ಸುಳ್ಳು ಹೇಳೋ ಮನುಷ್ಯ ಅಲ್ಲ. ಅದಕ್ಕೇ ನನಗೆ ಕಿರಿಕಿರಿ.

ಫೋಟೋದಲ್ಲಿ ಆಳುಮಗ ಸಲಿಕೆ ಹಿಡಿದು ಬದುವಿನ ಮೇಲೆ ನಿಂತಿದ್ದಾನೆ. ಹಿಂದೆ ಕಾಣೋ ಬಾವಿ ಪಡುವಣ ದಿಕ್ಕಿಗಿದೆ, ಅಂದರೆ ಬಲಗಡೆ ಬಡಗಣ. ಅವನ ನೆರಳು ಬಲಕ್ಕೆ, ಅವನ ಎತ್ತರದ ಮುಕ್ಕಾಲು ಭಾಗದಷ್ಟು ಚಾಚಿದೆ. ನೆರಳು ಅಡ್ಡಡ್ಡ ಬಿದ್ದಿರೋದರಿಂದ ಅಳತೆಗೆ ಮೋಸ ಇಲ್ಲ. ಆದರೆ ನಮ್ಮಲ್ಲಿ ಮೇ ಮೊದಲ ವಾರ ಸೂರ್ಯ ನೆತ್ತಿ ದಾಟಿ ಬಡಗಣಕ್ಕೆ ಸರಿಯುತ್ತಾನೆ, ಆಗಸ್ಟ್ ಮೊದಲ ವಾರದವರೆಗೆ ಅಲ್ಲೇ. ಮೇ 15ರ ಮಧ್ಯಾಹ್ನ ನೆರಳು ಎರಡು ಬೆರಳಷ್ಟು, ಅದೂ ತೆಂಕಣಕ್ಕೆ. ಟೈಮ್ ತಪ್ಪಿರಬಹುದು ಅಂದ್ಕೊಂಡ್ರೂ ಆಗಲ್ಲ, ಆ ದಿನ ಯಾವ ಹೊತ್ತಲ್ಲೂ ನೆರಳು ಬಡಗಣಕ್ಕೆ ಬೀಳಲ್ಲ.

ನಡು ಮಧ್ಯಾಹ್ನ ಬಡಗಣಕ್ಕೆ ಮುಕ್ಕಾಲು ನೆರಳು ಬೀಳೋದು ವರ್ಷದಲ್ಲಿ ಎರಡು ಸಲ, ನವೆಂಬರ್ ಕೊನೆಗೆ, ಜನವರಿ ಮಧ್ಯಕ್ಕೆ. ಎರಡರಲ್ಲಿ ಯಾವುದು ಅಂತ ನೆರಳು ಹೇಳಲ್ಲ. ಅದನ್ನು ಹೇಳಿದ್ದು ಹಿಂದಿನ ಬೆಳೆ. ಬಿಳಿಜೋಳ ತೆನೆ ತುಂಬಿ ನಿಂತಿದೆ, ಸೀತನಿ ತಿನ್ನೋ ಹದ. ಅಂಚಿನ ಸಾಲಲ್ಲಿ ಕುಸುಬೆ ಕೇಸರಿ ಹೂ ಬಿಟ್ಟಿದೆ. ಹಿಂಗಾರಿ ಬೆಳೆ ನವೆಂಬರ್‌ನಲ್ಲಿ ಇಷ್ಟಾಗಿರಲ್ಲ, ಮೇದಲ್ಲಿ ಇರೋದೇ ಇಲ್ಲ. ಅಂದರೆ ಸಂಕ್ರಾಂತಿ ಆಸುಪಾಸು.

ಯಾವ ವರ್ಷ ಅನ್ನೋದನ್ನ ಸೂರ್ಯ ಹೇಳಲ್ಲ ಬಿಡಿ, ಪ್ರತಿ ವರ್ಷ ಅದೇ ಜಾಗಕ್ಕೆ ಬರುತ್ತಾನೆ. "ಹೋದ ವರ್ಷ ಅಲ್ಲಿ ಕಡ್ಲಿ ಹಾಕಿದ್ವಿ" ಅಂತ ಕಾಕಾನೇ ಹೇಳಿದ, ಹಾಗಾಗಿ ಈ ಜನವರಿಯೇ.

"ತಾರೀಖ ಐತಲ್ಲ ತಮ್ಮಾ!" ಅಂತ ಮತ್ತೆ ಮೊಬೈಲ್ ಮುಂದೆ ಹಿಡಿದ. ಫೈಲಿನ ಹೆಸರು `IMG-20250515-WA0012.jpg`. ಅದು ಫೋಟೋ ತೆಗೆದ ದಿನ ಅಲ್ಲ, ವಾಟ್ಸಾಪ್‌ನಲ್ಲಿ ಅವನ ಮೊಬೈಲಿಗೆ ಬಂದ ದಿನ! ಆಳುಮಗನ ಮೊಬೈಲಲ್ಲಿ ಹುಡುಕಿದರೆ ಮೂಲ ಫೋಟೋ ಸಿಕ್ಕಿತು, ಜನವರಿ 17.

ನನಗೆ ಕಾಡ್ತಿರೋದು ಬೇರೆ. ನಲವತ್ತು ವರ್ಷ ಕುಸುಬೆ ಮುಳ್ಳು ಚುಚ್ಚಿಸಿಕೊಂಡ ಮನುಷ್ಯ, ಕಟ್ಟೆ ಮೇಲೆ ಫೋಟೋ ನೋಡಿದ ಇನ್ನೂ ನಾಲ್ಕು ಜನ ರೈತರು, ಒಬ್ಬರಿಗೂ ಹೂ ಕಾಣಲಿಲ್ಲ. ಎಲ್ಲರೂ ಅಂಕಿ ಓದಿದರು. ನಾನೂ ಮೊದಲು ಅದನ್ನೇ ಓದಿದ್ದೆ, ಆಮೇಲೆ ಕಾಕಾ ಸುಳ್ಳು ಹೇಳ್ತಿದ್ದಾನೆ ಅಂತ ಅನುಮಾನ ಬೇರೆ ಪಟ್ಟೆ.

ತಲಾಟಿಗೆ ಕೊಡೋಕೆ ಮಾಡಿಸಿದ್ದ ನಾಲ್ಕು ಪ್ರಿಂಟ್ ಹಾಗೇ ಇದ್ದವು, ಹಿಂದೆ ಕೆಂಪು ಪೆನ್ನಲ್ಲಿ "15-5" ಅಂತ ಬರೆದು. ಕಾಕಾ ಒಂದನ್ನು ಎತ್ತಿ, ಕನ್ನಡಕ ಏರಿಸಿ, ಹೂವಿನ ಮೇಲೆ ಬೆರಳಿಟ್ಟ.

"ಭಾಳ ಚಲೋ ಬಂದಿತ್ತ ನೋಡು ಈ ಸಲ ಕುಸುಬಿ" ಅಂದ.